ಶಕ್ತಿನಗರದ 24 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟಿಗೆ ಮಳೆನೀರು ಕೊಯ್ಲು ವ್ಯವಸ್ಥೆ: ಯೋಜನಾ ಪ್ರಸ್ತಾವನೆ

ಸಲ್ಲಿಕೆ: ಸಿವಿಲ್ ಡಿಪ್ಲೊಮಾ 5ನೇ ಸೆಮಿಸ್ಟರ್, ತಂಡ 3
ಯಾರಿಗೆ: ವಿಭಾಗದ ಮಾರ್ಗದರ್ಶಕರಿಗೆ ಹಾಗೂ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಅಧ್ಯಕ್ಷರಿಗೆ

ಮಾನ್ಯರೇ,

ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿಗೆ ಒಳಹರಿವು ಇಳಿದರೆ ನಲ್ಲಿ ನೀರಿಗೂ ಸರದಿ ಶುರು. ಹೀಗಿರುವಾಗ "ಬಾವಿಗೆ ಮಳೆನೀರು ಬಿಟ್ಟರೆ ಬೇಸಿಗೆಯ ಚಿಂತೆ ಇಲ್ಲ" ಎಂದು ಹೇಳುವುದು ಸುಲಭ, ಆದರೆ ಈ ಗುಡ್ಡದ ಮೇಲೆ ಅದು ನಿಜವಲ್ಲ. ಇಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ನೀರು ಎಷ್ಟು ಬೇಗ ಇಳಿಯುತ್ತದೋ ಅಷ್ಟೇ ಬೇಗ ಇಳಿಜಾರಿನ ಕಡೆ ಹರಿದು ತೋಡು ಸೇರುತ್ತದೆ. ಆಟಿ ತಿಂಗಳಲ್ಲಿ ಬಾವಿಗೆ ಬಿಟ್ಟ ನೀರು ಮೇ ತಿಂಗಳವರೆಗೆ ಅಲ್ಲೇ ಕಾದು ಕೂರುವುದಿಲ್ಲ.

ಆದ್ದರಿಂದ ನಮ್ಮ ಯೋಜನೆಯಲ್ಲಿ ಮೊದಲ ಸ್ಥಾನ ನೀರಿನ ಸಂಪಿಗೆ, ಎರಡನೆಯದು ಬಾವಿಗೆ. ಮಳೆಗಾಲದಲ್ಲಿ ಮಳೆನೀರನ್ನೇ ದಿನಬಳಕೆಗೆ ತೆಗೆದುಕೊಳ್ಳಬೇಕು. ಬಾವಿಗೆ ಮುಖ್ಯವಾಗಿ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್‌ನ ಮಳೆ ಹೋಗಬೇಕು.

ಲೆಕ್ಕ

ಟೆರೇಸ್ ಸೋರದಂತೆ ಹಾಕಿರುವ ಶೀಟಿನ ಮಾಡು 30 × 14 ಮೀ., ಅಂದರೆ 420 ಚ.ಮೀ. ಶೀಟಿನಿಂದ ಇನ್ನೂ ಹೆಚ್ಚು ನೀರು ಸಿಗಬಹುದಾದರೂ ಗಾಳಿ ಮಳೆಯಲ್ಲಿ ದಂಬೆಯಿಂದ ಹೊರಗೆ ಎರಚುವುದನ್ನು ಕಳೆದು, ಬಿದ್ದ ಮಳೆಯಲ್ಲಿ ಸಿಗುವ ಪಾಲನ್ನು 0.85 ಎಂದು ಹಿಡಿದಿದ್ದೇವೆ.

1 ಮಿ.ಮೀ. ಮಳೆಗೆ: 420 × 0.85 = 357 ಲೀಟರ್
ವರ್ಷಕ್ಕೆ: 357 × 3,500 = ಸುಮಾರು 12.5 ಲಕ್ಷ ಲೀಟರ್
ದಿನದ ಬೇಡಿಕೆ: 90 ಜನ × 135 ಲೀ. = 12,150 ಲೀಟರ್

ಒಂದು ದಿನಕ್ಕೆ 40 ಮಿ.ಮೀ. ಮಳೆ ಬಂದರೆ 14,280 ಲೀಟರ್, ಅಂದರೆ ಅಂದಿನ ಬಳಕೆಗೆ ಸಾಕಾಗಿ ಮಿಗುತ್ತದೆ. ಜುಲೈಯಲ್ಲಿ ಇಷ್ಟು ಮಳೆ ಇಲ್ಲಿ ಅಪರೂಪವಲ್ಲ.

ಪೈಪುಗಳ ಅಳತೆಯನ್ನು ಗಂಟೆಗೆ 100 ಮಿ.ಮೀ. ಬಿರುಸಿಗೆ ಮಾಡಿದ್ದೇವೆ. ಆಗ ಇಡೀ ಮಾಡಿನಿಂದ ಸೆಕೆಂಡಿಗೆ ಸುಮಾರು 10 ಲೀಟರ್ ಬರುತ್ತದೆ.

ಮಾಡಿನಿಂದ ಫಿಲ್ಟರ್‌ವರೆಗೆ

ಮಾಡಿನ ಎರಡೂ ಇಳಿಜಾರಿಗೆ ತಲಾ 30 ಮೀ. ದಂಬೆ, ಒಂದೊಂದಕ್ಕೂ ಮೂರು ಇಳಿಪೈಪು. ಈಗಿರುವ ಆರು 110 ಮಿ.ಮೀ. ಪೈಪುಗಳನ್ನೇ ಬಳಸಬಹುದು. ದಂಬೆಯ ಕ್ಲಾಂಪ್ 60 ಸೆಂ.ಮೀ.ಗೊಂದು ಇರಲಿ, ದೂರವಾದರೆ ನಡುವೆ ಬಗ್ಗಿ ನೀರು ನಿಲ್ಲುತ್ತದೆ, ನಿಂತಲ್ಲಿ ಸೊಳ್ಳೆ. ಹಿಂಬದಿಯ ಹಲಸಿನ ಮರದ ಎಲೆ ನೇರ ದಂಬೆಗೇ ಬೀಳುವುದರಿಂದ ಪ್ರತಿ ಪೈಪಿನ ಬಾಯಿಗೂ ಗುಮ್ಮಟದಂತೆ ಉಬ್ಬಿದ ಜಾಲರಿ ಬೇಕು. ಚಪ್ಪಟೆ ಜಾಲರಿಯಾದರೆ ಒಂದೇ ಎಲೆ ಸಾಕು, ಬಾಯಿ ಮುಚ್ಚಿಹೋಗುತ್ತದೆ.

ಮೊದಲ ಮಳೆ ಹಕ್ಕಿಯ ಹಿಕ್ಕೆ, ಧೂಳು, ಪಾಚಿ ಎಲ್ಲವನ್ನೂ ತೊಳೆದು ತರುತ್ತದೆ. 1 ಮಿ.ಮೀ.ನಷ್ಟು ನೀರನ್ನು ಹೊರಗೆ ಬಿಡಲು ಪ್ರತಿ ಇಳಿಪೈಪಿಗೆ 70 ಲೀಟರ್ ಜಾಗ ಬೇಕು. ನೆಲದಿಂದ 4.5 ಮೀ. ಎತ್ತರದಲ್ಲಿ ಟೀ ಹಾಕಿ, ಅದರ ನೇರ ಕೆಳಗೆ 4 ಮೀ. ಉದ್ದದ 160 ಮಿ.ಮೀ. ಪೈಪು ಇಳಿಸಿದರೆ ಸುಮಾರು 73 ಲೀಟರ್ ಹಿಡಿಯುತ್ತದೆ. ಅದು ತುಂಬಿದ ಮೇಲೆ ಒಳಗಿನ ತೇಲು ಚೆಂಡು ಬಾಯಿ ಮುಚ್ಚಿ, ನೀರು ಟೀಯ ಪಕ್ಕದ ಬಾಯಿಯಿಂದ ಮುಂದೆ ಹೋಗುತ್ತದೆ. ತಳದಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ, ಅದರಲ್ಲಿ 4 ಮಿ.ಮೀ. ತೂತು. ಈ ತೂತು ಕಟ್ಟಿಕೊಂಡರೆ ಪೈಪು ಖಾಲಿಯಾಗದೆ ಮುಂದಿನ ಮಳೆಯ ಕೊಳೆ ಸೀದಾ ಫಿಲ್ಟರಿಗೆ ಬರುತ್ತದೆ. ವ್ಯವಸ್ಥೆ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ.

ಪಾರ್ಕಿಂಗ್ ಚಾವಣಿಯಡಿ 160 ಮಿ.ಮೀ.ನ ಎರಡು ಸಾಲು, ಒಟ್ಟು 48 ಮೀ., 100ಕ್ಕೆ 1ರ ಇಳಿಜಾರಿನಲ್ಲಿ ಫಿಲ್ಟರ್ ತೊಟ್ಟಿಗೆ ಬರುತ್ತವೆ. ತೊಟ್ಟಿ ನೆಲದ ಮೇಲೆಯೇ ಇರಬೇಕು, ಹೂಳಿದರೆ ಅದರ ಹೊರಬಾಯಿ ಸಂಪಿನ ಒಳಬಾಯಿಗಿಂತ ಕೆಳಗಾಗುತ್ತದೆ. ಒಳ ಅಳತೆ 2 × 1.5 ಮೀ. ತಳದಿಂದ ಮೇಲಕ್ಕೆ 40 ಮಿ.ಮೀ. ಜಲ್ಲಿ 20 ಸೆಂ.ಮೀ., 20 ಮಿ.ಮೀ. ಜಲ್ಲಿ 15 ಸೆಂ.ಮೀ., 6–12 ಮಿ.ಮೀ. ಜಲ್ಲಿ 15 ಸೆಂ.ಮೀ., ನೈಲಾನ್ ಬಲೆ, ಅದರ ಮೇಲೆ ದಪ್ಪ ಮರಳು 25 ಸೆಂ.ಮೀ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಇಲ್ಲದಿದ್ದರೆ ಅದರ ಪುಡಿಯೇ ಮೊದಲ ವಾರದಲ್ಲಿ ಫಿಲ್ಟರನ್ನು ಕಟ್ಟಿಸುತ್ತದೆ. ನೀರು ಬೀಳುವ ಜಾಗದಲ್ಲಿ ಚಪ್ಪಡಿ ಕಲ್ಲಿಡದಿದ್ದರೆ ಮರಳಿನಲ್ಲಿ ಗುಂಡಿ ಬೀಳುತ್ತದೆ.

ಸಂಪು

ಸಂಪು 4 × 4 × 2.5 ಮೀ., ಅಂದರೆ 40,000 ಲೀಟರ್. ಈಗ ಪಾಲಿಕೆಯ ನೀರು ಇದನ್ನು ಸದಾ ಕಂಠಮಟ್ಟ ತುಂಬಿಸಿಡುತ್ತದೆ. ಹೀಗೇ ಬಿಟ್ಟರೆ ಮಾಡಿನಿಂದ ಬಂದ ನೀರೆಲ್ಲ ನೇರ ಹೊರಬಾಯಿಗೆ ಹೋಗುತ್ತದೆ, ಖರ್ಚು ಮಾಡಿಯೂ ಪ್ರಯೋಜನವಿಲ್ಲ. ಹಾಗಾಗಿ ಜೂನ್ 1ರಿಂದ ಪಾಲಿಕೆಯ ಲೈನಿನ ಫ್ಲೋಟ್ ವಾಲ್ವನ್ನು ತಳದಿಂದ 0.8 ಮೀ.ಗೆ ಇಳಿಸಬೇಕು. ಆಗ ಒಂದು ದಿನದ ಬಳಕೆಗೆ ಸಾಕಾಗುವ 12,800 ಲೀಟರ್ ಖಾತರಿ, ಮೇಲಿನ 27,200 ಲೀಟರ್ ಜಾಗ ಮಳೆಗೆ. ಅಂದರೆ 76 ಮಿ.ಮೀ. ಮಳೆಯನ್ನು ಒಂದೇ ಸಲ ಹಿಡಿಯಬಹುದು. ಅಕ್ಟೋಬರ್ ಕೊನೆಗೆ ವಾಲ್ವನ್ನು ಮತ್ತೆ ಮೇಲೇರಿಸಬೇಕು. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ.

ಈ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಕುಡಿಯಲು ಕುದಿಸಲೇಬೇಕು.

ಬಾವಿ

ಸಂಪಿನ ಹೊರಬಾಯಿಯಿಂದ 110 ಮಿ.ಮೀ. ಪೈಪು, ಗೇಟ್ ವಾಲ್ವ್ ಮೂಲಕ ಬಾವಿಗೆ. ಬಾವಿ 11 ಮೀ. ಆಳ, ಸುಮಾರು 8 ಮೀ. ಕೆಳಗೆ ಶೇಡಿ ಶುರುವಾಗುತ್ತದೆ. ಮೇಲಿನಿಂದ ನೀರು ಧುಮುಕಿದರೆ ಶೇಡಿ ಕರಗಿ ನೀರು ಹಾಲಿನಂತಾಗುತ್ತದೆ, ಮೇಲಿನ ಮುರಕಲ್ಲಿಗೆ ಆಧಾರ ತಪ್ಪಿ ಬಾವಿಯೇ ಕುಸಿಯಬಹುದು. ಆದ್ದರಿಂದ ಪೈಪು ಬಾವಿಯ ನಡುವಿನಲ್ಲಿ ಇಳಿದು, ಬೇಸಿಗೆಯ ನೀರಿನ ಮಟ್ಟಕ್ಕಿಂತ ಕೆಳಗೆ ಮುಗಿಯಬೇಕು. ತುದಿಯ ಬೆಂಡ್ ಮೇಲ್ಮುಖವಾಗಿರಬೇಕು. ನೀರು ನೆಲಮಟ್ಟಕ್ಕಿಂತ 2 ಮೀ. ಕೆಳಗಿನವರೆಗೆ ಏರಿದಾಗ ವಾಲ್ವ್ ಮುಚ್ಚಿ ಹೆಚ್ಚುವರಿಯನ್ನು ತೋಡಿಗೆ ಬಿಡಬೇಕು.

ದಕ್ಷಿಣದ ತಡೆಗೋಡೆಯ ಪಕ್ಕ ಇಂಗುಗುಂಡಿ ತೋಡೋಣ ಎಂಬ ಸಲಹೆ ಸಂಘದ ಸಭೆಯಲ್ಲಿ ಬಂದಿತ್ತು. ಅದನ್ನು ದಯವಿಟ್ಟು ಕೈಬಿಡಿ. ಗೋಡೆಯ ಹಿಂದಿನ ಶೇಡಿ ನೀರು ಕುಡಿದರೆ ಗೋಡೆಯ ಮೇಲೆ ಒತ್ತಡ ಏರುತ್ತದೆ, ಕೆಳಗೆ ಮನೆಗಳಿವೆ.

ಖರ್ಚು (ನಮ್ಮ ಅಂದಾಜು, ರೂಪಾಯಿಗಳಲ್ಲಿ)

ದಂಬೆ 60 ಮೀ.: 39,000
ಅಡ್ಡ ಪೈಪು 48 ಮೀ.: 24,000
ಮೊದಲ ಮಳೆ ಪೈಪು, 6 ಸೆಟ್: 21,000
ಫಿಲ್ಟರ್ ತೊಟ್ಟಿ: 38,000
ಬಾವಿಯ ಲೈನ್: 18,000
ವಾಲ್ವ್, ಜಾಲರಿ: 9,000
ಕೂಲಿ: 36,000
ಇತರೆ ಶೇ. 10: 18,500
ಒಟ್ಟು: 2,03,500, ಫ್ಲ್ಯಾಟಿಗೆ ಸುಮಾರು 8,480

ಬೇಸಿಗೆಯ ಟ್ಯಾಂಕರ್ ಇದರಿಂದ ಪೂರ್ತಿ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. ಮಳೆಗಾಲದಲ್ಲಿ ಪಾಲಿಕೆಯ ನೀರಿನ ಬಳಕೆ ಗಣನೀಯವಾಗಿ ಇಳಿಯುತ್ತದೆ, ಮಳೆ ನಿಂತ ಮೇಲೂ ಕೆಲವು ವಾರ ಬಾವಿ ಹೆಚ್ಚು ಆಸರೆಯಾಗುತ್ತದೆ.

ಕೆಲಸದ ಕ್ರಮ ಮತ್ತು ಪಾಲನೆ

ಫೆಬ್ರವರಿಯಲ್ಲಿ ಮಟ್ಟ ಅಳತೆ ಮತ್ತು ತೊಟ್ಟಿ, ಮಾರ್ಚ್‌ನಲ್ಲಿ ದಂಬೆ ಮತ್ತು ಪೈಪು, ಏಪ್ರಿಲ್‌ನಲ್ಲಿ ನೀರು ಕಡಿಮೆ ಇರುವಾಗಲೇ ಬಾವಿಯ ಪೈಪು. ಪತ್ತನಾಜೆಯೊಳಗೆ ಟ್ಯಾಂಕರ್ ನೀರು ಬಿಟ್ಟು ಸೋರಿಕೆ ಪರೀಕ್ಷೆ ಮುಗಿಯಬೇಕು.

ಮಳೆಗಾಲದಲ್ಲಿ ಕಾವಲುಗಾರರು ವಾರಕ್ಕೊಮ್ಮೆ ಆರೂ ಮುಚ್ಚಳ ಬಿಚ್ಚಿ ಕೆಸರು ತೆಗೆಯಬೇಕು, ಜಾಲರಿ ನೋಡಬೇಕು. ಮರಳಿನ ಮೇಲೆ ನೀರು ಮಳೆ ನಿಂತು ಅರ್ಧ ಗಂಟೆಯಾದರೂ ಇಳಿಯದಿದ್ದರೆ ಮೇಲಿನ 3 ಸೆಂ.ಮೀ. ಕೆರೆದು ತೊಳೆದು ಹಾಕಬೇಕು. ಈ ಕೆಲಸಕ್ಕೆ ತಿಂಗಳಿಗೆ ಪ್ರತ್ಯೇಕ ಭತ್ಯೆ ಇಡಲು ಸಂಘ ಒಪ್ಪಬೇಕೆಂದು ಕೋರುತ್ತೇವೆ. ಫ್ಲೋಟ್ ವಾಲ್ವ್ ಮತ್ತು ಬಾವಿಯ ವಾಲ್ವಿನ ಕೀಲಿ ಕಾರ್ಯದರ್ಶಿಯವರ ಬಳಿಯೇ ಇರಲಿ.

ವಿನಯಪೂರ್ವಕವಾಗಿ,
ತಂಡ 3