ಮಾವಿನ ದುಡ್ಡು ಬಂದಿದೆ, ಎಲ್ಲಿ ಹಾಕೋಣ?

ಸೀಸನ್ ಮುಗಿಯುತ್ತಾ ಬಂತು. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಕೋಲಾರದ ನನ್ನ ಆಫೀಸಿಗೆ ಬಂದು ಕೇಳುವ ಮೊದಲ ಮಾತು, "ಸಾರ್, ಮ್ಯೂಚುವಲ್ ಫಂಡಲ್ಲಿ ಗ್ಯಾರಂಟಿ ಎಷ್ಟು ಪರ್ಸೆಂಟ್?" ಗ್ಯಾರಂಟಿ ಸೊನ್ನೆ. ಲಾಭ ಬರಬಹುದು, ಬರದೆಯೂ ಇರಬಹುದು, ಹಾಕಿದ ಅಸಲೂ ಕರಗಬಹುದು.

ನಾನು ಮೊದಲು ಕೇಳುವುದು ಬೇರೆ: ಈ ದುಡ್ಡು ವಾಪಸ್ ಯಾವಾಗ ಬೇಕು? ಮೊನ್ನೆ ತೋಟದವರೊಬ್ಬರು 4 ಲಕ್ಷ ತಂದಿದ್ದರು. ಮಾಘದಲ್ಲಿ ಮಗಳ ಮದುವೆ. ಪಕ್ಕದ ತೋಟದವನಿಗೆ ಷೇರಲ್ಲಿ ಚೆನ್ನಾಗಿ ಬಂತಂತೆ, ನಮಗೂ ಹಾಕಿಸಿ ಅಂದರು. ಬೇಡ, ಬ್ಯಾಂಕಲ್ಲಿ ಎಫ್‌ಡಿ ಇಡಿ ಅಂದೆ. 2020ರ ಜನವರಿಯಲ್ಲಿ ಷೇರು ಪೇಟೆಯ ಏರಿಳಿತ ತೋರಿಸುವ ಸೆನ್ಸೆಕ್ಸ್ 42 ಸಾವಿರದ ಹತ್ತಿರ ಇತ್ತು, ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ ಬಿತ್ತು. ಅದೇ ಲೆಕ್ಕದಲ್ಲಿ ಬಿದ್ದರೆ 4 ಲಕ್ಷ ಸುಮಾರು ಎರಡೂವರೆ ಲಕ್ಷ ಆಗುತ್ತೆ, ಅದು ಮತ್ತೆ 4 ಆಗಬೇಕಾದರೆ ನೂರಕ್ಕೆ 60ಕ್ಕಿಂತ ಜಾಸ್ತಿ ಏರಬೇಕು, ಛತ್ರದವರು ಅಲ್ಲಿವರೆಗೂ ಕಾಯ್ತಾರಾ?

ಆಮೇಲೆ ಏರಿತಲ್ಲ ಸಾರ್ ಅನ್ನುತ್ತೀರಿ. ನಿಜ, ಆ ಸಲ ಅದೇ ವರ್ಷ ನವೆಂಬರಿಗೆ ಏರಿತು. ಆದರೆ 2008ರ ಶುರುವಲ್ಲಿ 21 ಸಾವಿರದ ಆಸುಪಾಸಲ್ಲಿದ್ದದ್ದು ಮತ್ತೆ ಅಲ್ಲಿಗೆ ಮುಟ್ಟಿದ್ದು 2010ರ ನವೆಂಬರಿನಲ್ಲಿ. ಮುಂದಿನ ಸಲ ಎಷ್ಟು ದಿನ ಹಿಡಿಯುತ್ತೋ ನನಗೂ ಗೊತ್ತಿಲ್ಲ, ಗೊತ್ತಿದೆ ಅನ್ನುವವರ ಹತ್ತಿರ ಸ್ವಲ್ಪ ಹುಷಾರಾಗಿರಿ. ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡಿದ್ದರೆ ಮಾತ್ರ ಷೇರಲ್ಲಿ ದುಡ್ಡು ಹಾಕುವ ಈಕ್ವಿಟಿ ಫಂಡಿನ ಮಾತಾಡೋಣ. ಅಷ್ಟು ಕಾದರೂ ನಷ್ಟ ಆಗೋದೇ ಇಲ್ಲ ಅಂತಲ್ಲ. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿದರೂ ಅಷ್ಟೇ.

ಎಫ್‌ಡಿಯಲ್ಲೂ ಒಂದು ತೊಡಕಿದೆ. ಗೊಬ್ಬರ, ಕೂಲಿ, ಫೀಸು ಏರಿದಷ್ಟು ಬಡ್ಡಿ ಏರದಿದ್ದರೆ ದುಡ್ಡಿನ ಬೆಲೆ ಒಳಗೊಳಗೇ ಕಡಿಮೆ ಆಗುತ್ತೆ. ಇನ್ನು ಠೇವಣಿ ವಿಮೆ ಇರೋದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಎಲ್ಲಾ ಸೇರಿ 5 ಲಕ್ಷದವರೆಗೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಅಲ್ಲಿ ಬಡ್ಡಿ ಜಾಸ್ತಿ ಅಂತ ಇಡೀ ವರ್ಷದ ಫಸಲಿನ ದುಡ್ಡು ಇಡುವ ಮುಂಚೆ ಇದನ್ನು ಕೇಳಿಕೊಳ್ಳಿ.

ತಿಂಗಳಿಗೆ ಮೂರು ಪರ್ಸೆಂಟ್ ಗ್ಯಾರಂಟಿ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ವರ್ಷಕ್ಕೆ 36 ಆಯ್ತು. ನಿಜವಾಗಿ ಅಷ್ಟು ದುಡಿಯೋನು ಬ್ಯಾಂಕಲ್ಲಿ ಸಾಲ ತಗೊಂಡು ತಾನೇ ಮಾಡ್ತಿದ್ದ, ನಿಮ್ಮ ಮನೆ ಬಾಗಿಲಿಗೆ ಯಾಕೆ ಬರ್ತಿದ್ದ? ಸಲಹೆ ಕೊಡುವವರ ನೋಂದಣಿಯನ್ನು ಷೇರು ಪೇಟೆ ನಿಯಂತ್ರಿಸುವ ಸೆಬಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, ನನ್ನದನ್ನೂ ಸೇರಿಸಿ. ನಾನು ನಿಮ್ಮಿಂದ ಫೀಸು ತಗೊಳ್ಳುತ್ತೇನೆ, ಫಂಡ್ ಕಂಪನಿಯಿಂದ ಕಮಿಷನ್ ಇಲ್ಲ. ಬರುವಾಗ ಸಾಲದ ಪಾಸ್‌ಬುಕ್ಕೂ ತನ್ನಿ, ಚಿನ್ನ ಅಡ ಇಟ್ಟಿದ್ದರೆ ಅದರ ಚೀಟಿಯೂ ಇರಲಿ, ಎಷ್ಟೋ ಸಲ ಆ ಸಾಲ ತೀರಿಸುವುದೇ ಮೊದಲ ಕೆಲಸ ಆಗಿರುತ್ತೆ.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು, ಯಾವ ಫಂಡನ್ನೂ ಕೊಳ್ಳಿ ಎನ್ನುವ ಸಲಹೆಯಲ್ಲ. ಷೇರು ಪೇಟೆಯ ಹೂಡಿಕೆಗೆ ಮಾರುಕಟ್ಟೆಯ ಅಪಾಯ ಇದ್ದೇ ಇರುತ್ತದೆ. ಹೂಡುವ ಮುಂಚೆ ಸಂಬಂಧಪಟ್ಟ ದಾಖಲೆಗಳನ್ನೆಲ್ಲ ಗಮನವಿಟ್ಟು ಓದಿ. ಸೆಬಿ ನೋಂದಣಿ ಇದೆ ಎಂದ ಮಾತ್ರಕ್ಕೆ ಲಾಭದ ಭರವಸೆ ಇದೆ ಎಂದರ್ಥವಲ್ಲ.