ಫೈಲ್ ಸರ್ವರ್ ಗೆಸ್ಟ್: ಮುಂದಿನ ಐದು ವರ್ಷಕ್ಕೆ ಏನೇನು ಬೇಕು

ಸರ್,

ನಮ್ಮ ತುಮಕೂರು ಆಫೀಸಿನ ಹೊಸ ಫೈಲ್ ಸರ್ವರ್ ಪ್ರಾಕ್ಸ್‌ಮಾಕ್ಸ್ ಹೋಸ್ಟ್ ಮೇಲೆ ಒಂದು ಗೆಸ್ಟ್ ಆಗಿ, ಅಂದರೆ ಒಂದೇ ಯಂತ್ರದೊಳಗೆ ಬೇರೆ ಕಂಪ್ಯೂಟರಿನ ಹಾಗೆ, ಓಡುತ್ತದೆ. ಆಪರೇಟಿಂಗ್ ಸಿಸ್ಟಮ್ ಡೆಬಿಯನ್, ಅದರ ಮೇಲೆ ಫೈಲ್ ಹಂಚುವ ಸಾಂಬಾ. ಅದಕ್ಕೆ ಏನೆಲ್ಲ ಕೊಡಬೇಕು ಅನ್ನೋ ಲೆಕ್ಕ ಇದು.

ಪ್ರೊಸೆಸರ್, ಮೆಮೊರಿ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬೇಡ. ಒಂಬತ್ತು ಜನಕ್ಕೆ 2 ಕೋರ್, 4 ಜಿಬಿ ಸಾಕು. ಗಿಗಾಬಿಟ್ ವೈರಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಜಾಸ್ತಿ ಹೋಗಲ್ಲ. ಪ್ರೊಸೆಸರ್‌ಗೆ ಅದು ದೊಡ್ಡ ಕೆಲಸವೇ ಅಲ್ಲ.

ನಿಜವಾದ ಪ್ರಶ್ನೆ ಡಿಸ್ಕಿನದು. ಈಗ 380 ಜಿಬಿ ತುಂಬಿದೆ. ಈ ವರ್ಷ 90 ಜಿಬಿ ಸೇರಬಹುದು, ಆಮೇಲೆ ಪ್ರತಿ ವರ್ಷ ಸೇರೋದು ಶೇ 20ರಷ್ಟು ಏರುತ್ತದೆ ಅಂದುಕೊಂಡಿದ್ದೇನೆ. ಕಂಪನಿ ಕಾಯ್ದೆ ಪ್ರಕಾರ ಲೆಕ್ಕಪುಸ್ತಕ 8 ವರ್ಷ ಇಡಬೇಕು, ವಸಂತನರಸಾಪುರದ ಕ್ಲೈಂಟುಗಳು ಹಳೇ ಕಾಗದ ಕೇಳೋದೂ ನಮ್ಮನ್ನೇ. ಅದಕ್ಕೇ ಏನನ್ನೂ ಅಳಿಸುವ ಲೆಕ್ಕ ಹಾಕಿಲ್ಲ.

| ವರ್ಷದ ಕೊನೆಗೆ | ಜಿಬಿ |
|---|---|
| 2026-27 | 470 |
| 2027-28 | 578 |
| 2028-29 | 708 |
| 2029-30 | 864 |
| 2030-31 | 1051 |

ಇಷ್ಟೊಂದು ಬೆಳೆಯೋದು ಸ್ಕ್ಯಾನ್‌ಗಳಿಂದ. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳು ತರುವ ಚೀಟಿ ತೆಳು ಹಳದಿ ಕಾಗದದ ಕಾರ್ಬನ್ ಪ್ರತಿ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಂಕಿಗಳೇ ಮಾಯ. ಹಾಗಾಗಿ ಹುಡುಗರು ಎಲ್ಲವನ್ನೂ ಬಣ್ಣದಲ್ಲೇ ಹಾಕುತ್ತಾರೆ. ಆ ಚೀಟಿಗಳಿಗೆ ಮಾತ್ರ ಬಣ್ಣ, ಉಳಿದದ್ದಕ್ಕೆ ಗ್ರೇ ಅಂತ ನೀವೇ ಒಂದು ಮಾತು ಹೇಳಿದರೆ ಮೇಲಿನ ಅಂಕಿ ಖಂಡಿತ ಇಳಿಯುತ್ತದೆ.

ಸಿಸ್ಟಮ್‌ಗೆ 32 ಜಿಬಿ ಡಿಸ್ಕ್ ಬೇರೆ, ಡೇಟಾಗೆ 900 ಜಿಬಿ ಬೇರೆ. ಶೇ 20 ಖಾಲಿ ಇಟ್ಟುಕೊಂಡರೂ 2029ರ ಮಾರ್ಚ್‌ವರೆಗೆ ಆರಾಮ. ಮೊದಲೇ ಜಾಸ್ತಿ ಕೊಡೋದು ಬೇಡ: ಡೇಟಾ ಡಿಸ್ಕಿನ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಅನ್ನು ಬೆಳೆಸಬಹುದು, ಕುಗ್ಗಿಸಲು ಆಗಲ್ಲ. ಪಾರ್ಟಿಷನ್ ಮಾಡದೆ ಇಡುತ್ತೇನೆ, ಆಗ ಬೆಳೆಸೋಕೆ ಎರಡೇ ಸಾಲು. ಮೊದಲನೆಯದು ಹೋಸ್ಟ್‌ನಲ್ಲಿ, ಎರಡನೆಯದು ಗೆಸ್ಟ್ ಒಳಗೆ:

```
qm resize 105 scsi1 +450G
xfs_growfs /srv/kacheri
```

ಇದನ್ನು 2029ರ ಏಪ್ರಿಲ್‌ನಲ್ಲೇ ಮಾಡಬೇಕು. ಜುಲೈಯಿಂದ ಸೆಪ್ಟೆಂಬರ್ ಆಡಿಟ್ ಗಡಿಬಿಡಿಯಲ್ಲಿ ಡಿಸ್ಕ್ ಮುಟ್ಟೋದು ಬೇಡ.

ಒಂದು ಅಪಾಯ ಇದೆ. ಡಿಸ್ಕ್‌ಗಳನ್ನು ಥಿನ್ ಆಗಿ ಮಾಡುತ್ತಿದ್ದೇವೆ, ಅಂದರೆ ಬರೆದಷ್ಟೇ ಜಾಗ ಹಿಡಿಯುತ್ತವೆ. ಆದರೆ ಹೋಸ್ಟ್‌ನ ಜಾಗ ಮುಗಿದರೆ ಈ ಗೆಸ್ಟ್ ಜೊತೆ ಟ್ಯಾಲಿ ಓಡುವ ಗೆಸ್ಟ್ ಕೂಡ ನಿಂತುಬಿಡುತ್ತದೆ. ಮಿರರ್ ಮಾಡಿದ 2 ಟಿಬಿ ಡಿಸ್ಕಿನಲ್ಲಿ ನಿಜವಾಗಿ ಸಿಗೋದು ಸುಮಾರು 1800 ಜಿಬಿ, ಅದರಲ್ಲಿ 1440 ದಾಟಬಾರದು. ಐದನೇ ವರ್ಷ ಡೇಟಾ 1051, ಟ್ಯಾಲಿ ಗೆಸ್ಟ್ 250, ಸಿಸ್ಟಮ್ 32, ಡಿಸ್ಕಿನ ಹಳೇ ಸ್ಥಿತಿ ಉಳಿಸುವ ಏಳು ದಿನದ ಸ್ನ್ಯಾಪ್‌ಶಾಟ್‌ಗೆ 100: ಒಟ್ಟು 1433. ತೀರಾ ಅಂಚು. ಹಾಗಾಗಿ 2029-30ರ ಬಜೆಟ್‌ನಲ್ಲೇ ಎರಡು 4 ಟಿಬಿ ಡಿಸ್ಕ್‌ಗೆ ದುಡ್ಡು ತೆಗೆದಿಡಿ.

ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುತ್ತದೆ, ಅದನ್ನು ಬ್ಯಾಕಪ್ ಅನ್ನೋಕಾಗಲ್ಲ. ಬ್ಯಾಕಪ್‌ಗೆ ಬೇರೆ ಪೆಟ್ಟಿಗೆ, ಅದರಲ್ಲಿ 4 ಟಿಬಿ ಡಿಸ್ಕ್ ಈಗಲೇ ಬೇಕು. ಅದಕ್ಕೆ ಒಪ್ಪಿಗೆ ಕೊಟ್ಟರೆ ಶನಿವಾರ ಸಂಜೆ ಆಫೀಸ್ ಮುಚ್ಚಿದ ಮೇಲೆ ಫೈಲ್‌ಗಳನ್ನು ಹೊಸ ಸರ್ವರ್‌ಗೆ ಹಾಕಲು ಶುರು ಮಾಡುತ್ತೇನೆ.