ವಿಷಯ: ಬಿಲ್ ನಂ. 412ರ ಬಾಕಿಯನ್ನು ಕಂತುಗಳಲ್ಲಿ ಕೊಡಲು ಅವಕಾಶ ಕೋರಿ

ದಿನಾಂಕ: 9-6-2025

ಸುರೇಶಣ್ಣನವರಿಗೆ ನಮಸ್ಕಾರ.

ಏಪ್ರಿಲ್ 18ರ ಪೇಪರ್ ಬಿಲ್ಲು, 1,84,000 ರೂಪಾಯಿ. 45 ದಿನದ ಗಡುವು ಜೂನ್ 2ಕ್ಕೇ ಮುಗಿದಿದೆ. ಒಂದು ವಾರ ತಡವಾದ ಮೇಲೆ ಬರೆಯುತ್ತಿದ್ದೇನೆ. ಮೊದಲೇ ಫೋನ್ ಮಾಡಿ ಹೇಳಬೇಕಿತ್ತು, ತಪ್ಪು ನನ್ನದೇ.

ಆಗಿದ್ದು ಇಷ್ಟು. ಆ ಪೇಪರಿನಲ್ಲಿ ಮುಕ್ಕಾಲು ಪಾಲು ಒಬ್ಬರೇ ಗಿರಾಕಿಯ ಕೆಲಸಕ್ಕೆ ಹೋಯಿತು. ಮಾಲು ಕೊಟ್ಟು ತಿಂಗಳಾಯಿತು, ಅವರ ದುಡ್ಡು ಇನ್ನೂ ಬಂದಿಲ್ಲ. ಪ್ರೆಸ್ ನಿಂತಿಲ್ಲ, ದಿನದ ಕೆಲಸ ಎಂದಿನಂತೆ ನಡೆಯುತ್ತಿದೆ. ಕೈಯಲ್ಲಿ ಒಟ್ಟಿಗೆ ಅಷ್ಟು ಹಣವಿಲ್ಲ, ಅಷ್ಟೇ.

ಅದಕ್ಕೆ ನನ್ನ ಕೋರಿಕೆ: ಈ ಬಾಕಿಯನ್ನು ನಾಲ್ಕು ಕಂತಿನಲ್ಲಿ ತೀರಿಸಲು ಒಪ್ಪಿಕೊಳ್ಳಿ.

ಇವತ್ತು ಬೆಳಿಗ್ಗೆ – 34,000 (ನಿಮ್ಮ ಖಾತೆಗೆ ಹಾಕಿದ್ದೇನೆ)
ಜುಲೈ 10 – 50,000
ಆಗಸ್ಟ್ 11 – 50,000 (10ನೇ ತಾರೀಖು ಭಾನುವಾರ)
ಸೆಪ್ಟೆಂಬರ್ 10 – 50,000

ಮೊದಲು ತಿಂಗಳಿಗೆ 75,000 ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ಓದೋಕೆ ಚೆನ್ನಾಗಿತ್ತು, ಆದರೆ ಎರಡನೇ ತಿಂಗಳೇ ತಪ್ಪುತ್ತಿತ್ತು. ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಕಳೆದರೆ ನನ್ನ ಕೈಯಲ್ಲಿ ತಿಂಗಳಿಗೆ 65,000ದಷ್ಟು ಉಳಿಯುತ್ತದೆ. 50,000 ಆದರೆ ಒಂದು ತಿಂಗಳು ಕೆಲಸ ಸ್ವಲ್ಪ ಕಮ್ಮಿಯಾದರೂ ಕಂತು ನಿಲ್ಲುವುದಿಲ್ಲ. ಆ ಗಿರಾಕಿಯ ದುಡ್ಡನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಅದು ಯಾವಾಗ ಬಂದರೂ ಉಳಿದ ಬಾಕಿಯನ್ನು ಅದೇ ವಾರ ಪೂರ್ತಿ ತೀರಿಸುತ್ತೇನೆ. ನಮ್ಮಲ್ಲಿ ಬರಬೇಕಾದ ಹಣ ಜಾಸ್ತಿ 5ನೇ ತಾರೀಖಿನೊಳಗೆ ಬರುತ್ತದೆ, ಅದಕ್ಕೇ 10 ಅಂತ ಇಟ್ಟಿದ್ದು.

ಮುಂದಿನ ಮೂರು ಕಂತಿಗೂ ತಾರೀಖು ಹಾಕಿದ ಚೆಕ್ ಬರೆದಿಟ್ಟಿದ್ದೇನೆ. ನೀವು ಹೂಂ ಎಂದರೆ ನಾಳೆಯೇ ಹುಡುಗನ ಕೈಲಿ ಕಳಿಸುತ್ತೇನೆ. ಅಕಸ್ಮಾತ್ ಯಾವ ಕಂತಾದರೂ ಎರಡು ದಿನ ಆಚೀಚೆ ಆಗುವಂತಿದ್ದರೆ, ನೀವು ಚೆಕ್ ಹಾಕುವ ಮೊದಲೇ ನಾನೇ ಫೋನ್ ಮಾಡುತ್ತೇನೆ. ನೀವು ನನ್ನನ್ನು ಹುಡುಕಿಕೊಂಡು ಬರುವ ಹಾಗೆ ಮಾಡುವುದಿಲ್ಲ.

ಇನ್ನೊಂದು ಮಾತು. ಈ ಬಾಕಿ ಮುಗಿಯುವವರೆಗೆ ಹೊಸ ಪೇಪರಿಗೆ ಸಾಲ ಕೇಳುವುದಿಲ್ಲ. ವಾರಕ್ಕೆ ಬೇಕಾದ ನಾಲ್ಕೈದು ರೀಮನ್ನು ಗಾಡಿ ಬಂದಾಗಲೇ ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತೇನೆ. ಹಳೇ ಲೆಕ್ಕದ ಮೇಲೆ ಹೊಸದು ಬೆಳೆಯಬಾರದು, ಅಲ್ವಾ?

ತಡಕ್ಕೆ ಬಡ್ಡಿ ಹಾಕಬೇಕು ಅನಿಸಿದರೆ ಹೇಳಿ, ಕೊನೆಯ ಕಂತಿಗೆ ಸೇರಿಸೋಣ. ತಾರೀಖುಗಳಲ್ಲಿ ನಿಮಗೆ ತೊಂದರೆ ಇದ್ದರೂ ಹೇಳಿ, ಕೂತು ಮಾತಾಡೋಣ. ಒಪ್ಪಿಗೆ ಇದ್ದರೆ ಈ ಪತ್ರಕ್ಕೆ ಒಂದು ಸಾಲಿನ ಉತ್ತರ ಕಳಿಸಿ, ಇಬ್ಬರ ಲೆಕ್ಕದ ಪುಸ್ತಕಕ್ಕೂ ಅದು ಸಾಕು.

ಗುರುವಾರ ಬೆಳಿಗ್ಗೆ 11ಕ್ಕೆ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ,
ಮಂಜುನಾಥ